ಒಂದು ಅರ್ಜಿಗೆ 300 ರೂಪಾಯಿ: ಹಾಸನದಲ್ಲಿ ಎಂಟು ವೆಲ್ಡರ್‌ಗಳನ್ನು ಹುಡುಕಿದ ನನ್ನ ಅನುಭವ

"ಅಕ್ಟೋಬರ್‌ನಲ್ಲಿ ಒಂದು ಅರ್ಜಿ 28 ರೂಪಾಯಿಗೆ ಬರ್ತಿತ್ತು. ಈಗ 300 ಕೊಡ್ತಾ ಇದ್ದೀಯಲ್ಲಪ್ಪ, ಇದೇನು ಲೆಕ್ಕ?" ಜನವರಿಯಲ್ಲಿ ನಮ್ಮ ಯಜಮಾನರು ಕೇಳಿದ ಪ್ರಶ್ನೆ ಇದು. ಅವರು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎದುರಿಗಿದ್ದ ಶೀಟಿನಲ್ಲಿ ಹಾಗೇ ಕಾಣುತ್ತಿತ್ತು. ಆದರೆ ಆ 28 ರೂಪಾಯಿಯ ಅರ್ಜಿಗಳಿಂದ ನಮಗೆ ಸಿಕ್ಕಿದ್ದು ಒಬ್ಬನೇ ಒಬ್ಬ ವೆಲ್ಡರ್. 300 ರೂಪಾಯಿಯ ಅರ್ಜಿಗಳಿಂದ ಸಿಕ್ಕವರಲ್ಲಿ ಏಳು ಜನ ಇವತ್ತಿಗೂ ನಮ್ಮ ಶೆಡ್ಡಿನಲ್ಲಿ ಹೆಲ್ಮೆಟ್ ಹಾಕಿಕೊಂಡು ಕೆಲಸ ಮಾಡುತ್ತಿದ್ದಾರೆ. ಮಧ್ಯೆ ಏನೇನಾಯಿತು ಅನ್ನುವುದನ್ನು ಬರೆಯೋಣ ಅಂತ ಕೂತಿದ್ದೇನೆ. ಜಾಹೀರಾತು ಹಾಕುವುದು ಹೇಗೆ ಅಂತ ಹೇಳಿಕೊಡುವುದಿಲ್ಲ, ಅದು ಗೊತ್ತಿರುವವರಿಗೇ ಇದು.

ನಮ್ಮದು ಹಾಸನದ ಕೈಗಾರಿಕಾ ಪ್ರದೇಶದಲ್ಲಿರುವ ಫ್ಯಾಬ್ರಿಕೇಶನ್ ಯೂನಿಟ್. ಟ್ರ್ಯಾಕ್ಟರ್ ಟ್ರೈಲರ್, ನೀರಿನ ಟ್ಯಾಂಕರ್, ತೋಟದವರಿಗೆ ಶೆಡ್, ಇಂಥವನ್ನು ಮಾಡುತ್ತೇವೆ. ನನ್ನ ಕೆಲಸ ಹಾಜರಿ, ಸಂಬಳ, ಪಿಎಫ್, ಜನರನ್ನು ತರುವುದು, ಎಲ್ಲಾ. ಹೋದ ವರ್ಷ ಒಂದು ಸ್ಟ್ರಕ್ಚರಲ್ ಆರ್ಡರ್ ಬಂತು. ಅದರಲ್ಲಿ ಹೊರಗಿನವರ ಇನ್‌ಸ್ಪೆಕ್ಷನ್ ಇತ್ತು. ಅಂದರೆ ಗೇಟು, ಗ್ರಿಲ್ ಮಾಡುವ ಹುಡುಗರು ನಡೆಯುವುದಿಲ್ಲ. 3ಜಿ, ಅಂದರೆ ನಿಂತ ಪ್ಲೇಟಿಗೆ ಕೆಳಗಿನಿಂದ ಮೇಲಕ್ಕೆ ಹೊಡೆಯುವವರು ಬೇಕು, ಅದೂ 7018 ರಾಡಿನಲ್ಲಿ. ಎಂಟು ಜನ ಬೇಕಿತ್ತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಐದು ಸಾವಿರ ಪಾಂಪ್ಲೆಟ್ ಹೊಡೆಸಿ ಬೆಳಿಗ್ಗೆ ಪೇಪರ್ ಒಳಗೆ ಇಟ್ಟು ಹಂಚಿಸಿದೆ. ಪ್ರಿಂಟು, ಪೇಪರ್ ಹುಡುಗರಿಗೆ ಕೊಟ್ಟಿದ್ದು ಸೇರಿ ಆರೂವರೆ ಸಾವಿರದ ಹತ್ತಿರ ಆಯಿತು. ಒಂಬತ್ತು ಫೋನ್ ಬಂದವು. ಅದರಲ್ಲಿ ನಾಲ್ಕು ಜನ "ನನ್ನ ಮಗನಿಗೆ ಏನಾದ್ರೂ ಕೆಲಸ ಇದ್ಯಾ ಸಾರ್, ಪಿಯುಸಿ ಆಗಿದೆ" ಅಂತ ಕೇಳಿದ ತಂದೆಯರು. ಆಮೇಲೆ ಯೋಚಿಸಿದರೆ ಕಾರಣ ಗೊತ್ತಾಯಿತು. ಬೆಳಿಗ್ಗೆ ಮನೆಯಲ್ಲಿ ಕೂತು ಪೇಪರ್ ಓದುವವನು ವೆಲ್ಡರ್ ಅಲ್ಲ, ಅವನು ಆ ಹೊತ್ತಿಗೆ ಶಿಫ್ಟಿಗೆ ಹೊರಟಿರುತ್ತಾನೆ.

ಒಂದು ಏಜೆನ್ಸಿಯವರನ್ನೂ ಕೇಳಿದ್ದೆ. ತಲೆಗೆ ಅರ್ಧ ತಿಂಗಳ ಸಂಬಳ ಅಂದರು. ಕಳಿಸಿದ ಇಬ್ಬರು ಇಪ್ಪತ್ತು ದಿನಕ್ಕೆ ವಾಪಸ್ ಹೋದರು, ದುಡ್ಡು ವಾಪಸ್ ಬರಲಿಲ್ಲ. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ಫೇಸ್‌ಬುಕ್‌ಗೆ ಬಂದೆ. ಲೀಡ್ ಫಾರ್ಮ್ ಹಾಕಿದೆ. ಹಾಸನದ ಸುತ್ತ 25 ಕಿಲೋಮೀಟರ್, ವಯಸ್ಸು 20ರಿಂದ 45. ಅಕ್ಟೋಬರ್. ಮೂರು ವಾರಕ್ಕೆ 12,000 ಖರ್ಚಾಯಿತು, 430 ಚಿಲ್ಲರೆ ಅರ್ಜಿ ಬಂದವು. ಮೊದಲ ದಿನ ಯಜಮಾನರಿಗೆ ಮೊಬೈಲಿನಲ್ಲಿ ತೋರಿಸಿದಾಗ ಇಬ್ಬರಿಗೂ ಖುಷಿಯೋ ಖುಷಿ. ಎರಡನೇ ವಾರ ಫೋನ್ ಮಾಡಲು ಶುರುಮಾಡಿದೆ ನೋಡಿ, ಅಲ್ಲಿಂದ ತಲೆನೋವು.

ಅರ್ಧದಷ್ಟು ಜನಕ್ಕೆ ತಾವು ಅರ್ಜಿ ಹಾಕಿದ್ದೇ ನೆನಪಿಲ್ಲ. ಆ ಫಾರ್ಮಿನಲ್ಲಿ ಹೆಸರು, ನಂಬರ್ ತಾನಾಗೇ ತುಂಬಿಕೊಂಡಿರುತ್ತದೆ, ಎರಡು ಸಲ ಒತ್ತಿದರೆ ಮುಗಿಯಿತು. ಕೆಲವರ ನಂಬರ್ ಹಳೇದು, ಸಿಮ್ಮೇ ಇಲ್ಲ. "ಅನುಭವ ಎಷ್ಟು ವರ್ಷ" ಅನ್ನುವುದಕ್ಕೆ ನಾನು ಆಯ್ಕೆ ಕೊಟ್ಟಿದ್ದೆ: 1–3, 3–5, 5ಕ್ಕಿಂತ ಜಾಸ್ತಿ. ಜಾಸ್ತಿ ಜನ ಒತ್ತಿದ್ದು ಕೊನೆಯದನ್ನು. ಫೋನಿನಲ್ಲಿ ಕೇಳಿದರೆ ಐದು ವರ್ಷ ಚಿಕ್ಕಪ್ಪನ ಅಂಗಡಿಯಲ್ಲಿ ಇದ್ದದ್ದು, ರಾಡ್ ಹಿಡಿದದ್ದಲ್ಲ.

ಇನ್ನೊಂದು ವಿಚಿತ್ರ. ಬಾಗಲಕೋಟೆ, ಹಾವೇರಿ, ಬಳ್ಳಾರಿ ಕಡೆಯವರ ಅರ್ಜಿಗಳು ರಾಶಿ ರಾಶಿ. ನಾನು ಹಾಕಿದ್ದು ಹಾಸನದ ಸುತ್ತ 25 ಕಿಲೋಮೀಟರ್ ಮಾತ್ರ. ಸೆಟ್ಟಿಂಗ್ ತಪ್ಪಿದೆಯಾ ಅಂತ ಎರಡು ರಾತ್ರಿ ಕೂತು ನೋಡಿದೆ. ಸೆಟ್ಟಿಂಗ್ ಸರಿಯಾಗೇ ಇತ್ತು. ಆಮೇಲೆ ಒಬ್ಬ ಅರ್ಜಿದಾರನೇ ಬಾಯಿಬಿಟ್ಟ: "ಸಾರ್, ನಾವು ಅಮ್ಮನ ದರ್ಶನಕ್ಕೆ ಬಂದಿದ್ವಿ, ಕ್ಯೂನಲ್ಲಿ ನಿಂತಿದ್ದಾಗ ಮೊಬೈಲಲ್ಲಿ ಬಂತು." ಆಗ ಹೊಳೆಯಿತು. ಹಾಸನಾಂಬೆ ಬಾಗಿಲು ತೆಗೆದ ದಿನಗಳು ಅವು. ವರ್ಷಕ್ಕೊಮ್ಮೆ ತೆಗೆಯುವುದು, ಇಡೀ ರಾಜ್ಯದ ಜನ ಬರುತ್ತಾರೆ, ಕ್ಯೂನಲ್ಲಿ ಗಂಟೆಗಟ್ಟಲೆ ನಿಂತು ಮೊಬೈಲ್ ನೋಡುತ್ತಾರೆ. ಫೇಸ್‌ಬುಕ್‌ಗೆ ಅಲ್ಲಿ ವಾಸ ಇರುವವರೂ ಒಂದೇ, ಇತ್ತೀಚೆಗೆ ಅಲ್ಲಿಗೆ ಬಂದು ಹೋದವರೂ ಒಂದೇ. ಮೊದಲು ವಾಸ ಇರುವವರಿಗೆ ಮಾತ್ರ ಅಂತ ಆರಿಸಬಹುದಿತ್ತು, ಈಗ ಆ ಆಯ್ಕೆ ತೆಗೆದಿದ್ದಾರೆ. ನನ್ನ ದುಡ್ಡಿನ ಒಳ್ಳೇ ಪಾಲು ಆ ಕ್ಯೂನಲ್ಲಿ ಕರಗಿಹೋಗಿತ್ತು. ಹಾಸನದಲ್ಲಿ ಜಾಹೀರಾತು ಹಾಕುವ ಯಾರೇ ಆಗಲಿ, ಆ ದಿನಗಳಲ್ಲಿ ಊರಿನ ಸುತ್ತಳತೆ ಹಾಕಿ ಬಿಡಬೇಡಿ. ಚಿಕ್ಕಮಗಳೂರಿನವರಿಗೆ ಶನಿವಾರ, ಭಾನುವಾರ ಬೆಟ್ಟಕ್ಕೆ ಬರುವ ಬೆಂಗಳೂರಿನವರಿಂದ ಇದೇ ಕಥೆ. ಅಲ್ಲಿರುವ ನನ್ನ ಸ್ನೇಹಿತರೊಬ್ಬರು ಕಾರ್ ಮೆಕ್ಯಾನಿಕ್ ಬೇಕು ಅಂತ ಹಾಕಿದ್ದ ಜಾಹೀರಾತಿಗೆ ಹೋಂಸ್ಟೇ ರೇಟ್ ಕೇಳಿ ಮೆಸೇಜ್ ಬರುತ್ತಿದ್ದವು.

ಆ 430ರಲ್ಲಿ ಗೇಟಿನ ತನಕ ಬಂದವರು 11 ಜನ. ಟೆಸ್ಟ್ ಪಾಸಾದವನು ಒಬ್ಬ. ಅವನೂ ಎರಡು ತಿಂಗಳಿಗೆ ಬಿಟ್ಟ. ಅವತ್ತೇ ಶೀಟಿನಲ್ಲಿ "ಒಟ್ಟು ಅರ್ಜಿ" ಅನ್ನುವ ಕಾಲಂ ಅಳಿಸಿ ಹಾಕಿದೆ. ಅದರ ಜಾಗಕ್ಕೆ ಮೂರು ಕಾಲಂ ಬಂತು: ಗೇಟಿಗೆ ಬಂದ, ಟೆಸ್ಟ್ ಪಾಸಾದ, ಮೂರು ತಿಂಗಳು ಉಳಿದ.

ಅಷ್ಟರಲ್ಲಿ ಇನ್ನೊಂದು ತಪ್ಪನ್ನೂ ಮಾಡಿದ್ದೆ. ಯಾವುದು ಕೆಲಸ ಮಾಡುತ್ತೆ ನೋಡೋಣ ಅಂತ ಆರು ಆ್ಯಡ್ ಸೆಟ್ ಮಾಡಿ ಒಂದೊಂದಕ್ಕೆ ದಿನಕ್ಕೆ 150 ರೂಪಾಯಿ ಹಂಚಿದ್ದೆ. ಆರೂ `Learning limited` ಅಂತ ತೋರಿಸುತ್ತಾ ಕೂತವು. ಫೇಸ್‌ಬುಕ್‌ಗೆ ಒಂದು ವಾರದಲ್ಲಿ ಒಂದು ಸೆಟ್ಟಿಗೆ 50ರ ಹತ್ತಿರ ಫಲ ಸಿಗಬೇಕು, ಆಗಲೇ ಅದು ಕಲಿಯುವುದು. ನಮ್ಮಂಥವರ ಬಜೆಟ್ಟಿಗೆ ಒಂದು, ಹೆಚ್ಚೆಂದರೆ ಎರಡು ಸೆಟ್ ಸಾಕು. ಅದರಲ್ಲೂ ನಾವು ಕಲಿಸುತ್ತಿರುವುದು ಏನನ್ನು ಅನ್ನುವುದು ಮುಖ್ಯ. ಫಾರ್ಮ್ ತುಂಬುವವರು ಬೇಕು ಅಂದರೆ ಅದು ಫಾರ್ಮ್ ತುಂಬುವ ಚಟ ಇರುವವರನ್ನೇ ಹುಡುಕಿ ತರುತ್ತದೆ. ಅದು ತನ್ನ ಕೆಲಸ ಸರಿಯಾಗೇ ಮಾಡಿತ್ತು, ನಾನು ಕೇಳಿದ್ದೇ ತಪ್ಪು.

ಡಿಸೆಂಬರ್‌ನಲ್ಲಿ ಎಲ್ಲಾ ನಿಲ್ಲಿಸಿ ನಮ್ಮಲ್ಲಿರುವ ಹಳೇ ವೆಲ್ಡರ್ ಒಬ್ಬರ ಜೊತೆ ಟೀ ಕುಡಿಯುತ್ತಾ ಕೂತೆ. ಅವರು ಹನ್ನೆರಡು ವರ್ಷ ಪೀಣ್ಯದಲ್ಲಿ ಇದ್ದು ಬಂದವರು. "ಅಣ್ಣ, ಒಳ್ಳೇ ವೆಲ್ಡರ್‌ಗಳು ಹಾಸನದಲ್ಲಿ ಎಲ್ಲಿದ್ದಾರೆ?" ಅಂದೆ. "ಹಾಸನದಲ್ಲಿ ಯಾಕಿರ್ತಾರೆ ಸಾರ್? ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹುಡುಗರೆಲ್ಲ ಬೆಂಗಳೂರಲ್ಲಿ ರೂಮ್ ಮಾಡ್ಕೊಂಡಿದ್ದಾರೆ. ಹೆಗ್ಗನಹಳ್ಳಿ, ಲಗ್ಗೆರೆ, ದಾಸರಹಳ್ಳಿ. ಶನಿವಾರ ರಾತ್ರಿ ಊರಿಗೆ ಬರ್ತಾರೆ, ಸೋಮವಾರ ಬೆಳಿಗ್ಗೆ ಹೋಗ್ತಾರೆ" ಅಂದರು. ಇಷ್ಟು ದಿನ ನಾನು ಮೀನು ಇಲ್ಲದ ಕೆರೆಗೆ ಬಲೆ ಬೀಸುತ್ತಿದ್ದೆ.

ಹಾಗಾಗಿ ಪಿನ್‌ಗಳನ್ನು ಬೆಂಗಳೂರಿಗೆ ತೆಗೆದುಕೊಂಡು ಹೋದೆ. ಫ್ಯಾಕ್ಟರಿಗಳ ಮೇಲೆ ಅಲ್ಲ, ರೂಮುಗಳ ಮೇಲೆ. ಶಿಫ್ಟಿನಲ್ಲಿ ಫೋನ್ ಲಾಕರ್‌ನಲ್ಲಿ ಇರುತ್ತದೆ, ರೂಮಿಗೆ ಬಂದ ಮೇಲೇ ಕೈಗೆ ಬರುವುದು. ಹೆಗ್ಗನಹಳ್ಳಿ, ಲಗ್ಗೆರೆ, ದಾಸರಹಳ್ಳಿ, ನೆಲಮಂಗಲ, ಇಷ್ಟಕ್ಕೆ ಒಂದರಿಂದ ಎರಡು ಕಿಲೋಮೀಟರ್ ಸುತ್ತಳತೆ. ದಿನದ ಬಜೆಟ್ ಬಿಟ್ಟು ಒಟ್ಟು ಬಜೆಟ್ ಅಂತ ಹಾಕಿದರೆ ಗಂಟೆ ಆರಿಸಬಹುದು. ಗುರುವಾರ, ಶುಕ್ರವಾರ, ಶನಿವಾರ ಸಂಜೆ 6ರಿಂದ 11 ಅಂತ ಹಾಕಿದೆ. ಊರಿಗೆ ಹೊರಡುವ ಯೋಚನೆ ತಲೆಯಲ್ಲಿ ಇರುವ ಹೊತ್ತು ಅದು. ಯಶವಂತಪುರದಲ್ಲಿ ರೈಲಿಗೆ ಕಾಯುತ್ತಾ, ಇನ್ನೂ ಎಷ್ಟು ವರ್ಷ ಹೀಗೆ ಓಡಾಡೋದು ಅಂತ ಅನ್ನಿಸುತ್ತಲ್ಲ, ಆಗ ಕೈಗೆ ಸಿಗಬೇಕು.

ಇಲ್ಲಿ ಒಂದು ಗುಂಡಿ ಇದೆ, ನಾನು ಬಿದ್ದು ಎದ್ದಿದ್ದೇನೆ. ಬೆಂಗಳೂರಿನಲ್ಲಿ ಎಲ್ಲಾ ಭಾಷೆಯವರೂ ಇದ್ದಾರಲ್ಲ ಅಂತ ಭಾಷೆ ಕನ್ನಡ ಅಂತ ಆರಿಸಿದೆ. ತಲುಪುವ ಜನರ ಸಂಖ್ಯೆ ಪಾತಾಳಕ್ಕೆ ಹೋಯಿತು. ಯಾಕೆಂದರೆ ಅದು ನೋಡುವುದು ಆ್ಯಪ್ ಯಾವ ಭಾಷೆಯಲ್ಲಿ ಇದೆ ಅಂತ, ಮನುಷ್ಯ ಯಾವ ಭಾಷೆ ಮಾತಾಡುತ್ತಾನೆ ಅಂತ ಅಲ್ಲ. ನಮ್ಮ ಹುಡುಗರ ಫೋನೆಲ್ಲ ಇಂಗ್ಲಿಷ್‌ನಲ್ಲೇ ಇರುತ್ತದೆ. ಆಮೇಲೆ ಭಾಷೆ ಖಾಲಿ ಬಿಟ್ಟೆ. ಕನ್ನಡದ ಜಾಹೀರಾತೇ ಜರಡಿ. ಓದಲು ಬಾರದವನು ಒತ್ತುವುದಿಲ್ಲ.

ಈಗ ಜಾಹೀರಾತಿನ ಮಾತು. ಮೊದಲು ಹೀಗಿತ್ತು: "ಪ್ರತಿಷ್ಠಿತ ಕಂಪನಿಗೆ ಅನುಭವಿ ವೆಲ್ಡರ್‌ಗಳು ಬೇಕಾಗಿದ್ದಾರೆ. ಆಕರ್ಷಕ ವೇತನ. ಆಸಕ್ತರು ಸಂಪರ್ಕಿಸಿ." ಈಗ ಓದಿದರೆ ನನಗೇ ಒಂದು ಮಾತೂ ಹಿಡಿಯಲು ಸಿಗುವುದಿಲ್ಲ. ಕೊನೆಗೆ ನಿಂತದ್ದು ಇದು:

"ಹಾಸನ, ಅರಕಲಗೂಡು, ಹೊಳೆನರಸೀಪುರ ಕಡೆಯ ವೆಲ್ಡರ್‌ಗಳಿಗೆ. ಊರಿನ ಹತ್ತಿರವೇ ಕೆಲಸ. 3ಜಿ, 7018 ರಾಡ್. ಪಿಎಫ್ ಕಳೆದು ಕೈಗೆ 22,000ದಿಂದ 26,000, ಟೆಸ್ಟ್ ನೋಡಿ. ಓಟಿಗೆ ಡಬಲ್. ಭಾನುವಾರ ರಜ. ಟೆಸ್ಟಿಗೆ ಬಂದರೆ ಬಸ್ ಚಾರ್ಜ್ ಮತ್ತು 500 ರೂಪಾಯಿ, ಪಾಸಾಗಲಿ ಬಿಡಲಿ. ಯಾರಿಗೂ ದುಡ್ಡು ಕೊಡಬೇಡಿ, ಮಧ್ಯೆ ಕಾಂಟ್ರಾಕ್ಟರ್ ಇಲ್ಲ. 7018 ರಾಡ್ ಹೊಡೆಯುವ ಮುಂಚೆ ಏನು ಮಾಡಬೇಕು? ವಾಟ್ಸಾಪ್‌ನಲ್ಲಿ ವಾಯ್ಸ್ ಕಳಿಸಿ."

ಇದರಲ್ಲಿ ಒಂದೊಂದು ಸಾಲಿಗೂ ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. "ಕೈಗೆ" ಅನ್ನುವ ಪದವನ್ನೇ ನೋಡಿ. ಮೊದಲು "ಸಂಬಳ 28,000 ತನಕ" ಅಂತ ಹಾಕಿದ್ದೆ, ಕಂಪನಿ ಲೆಕ್ಕದಲ್ಲಿ. ಬಂದವರೆಲ್ಲ ಕೇಳಿದ ಮೊದಲ ಪ್ರಶ್ನೆ "ಕೈಗೆಷ್ಟು ಸಾರ್?" ಪಿಎಫ್ 1,800 ಹೋಗುತ್ತೆ, ಅದೂ ಇದೂ ಹೋಗುತ್ತೆ ಅಂತ ಹೇಳುವಷ್ಟರಲ್ಲಿ ಅವರ ಮುಖದಲ್ಲಿ ನಂಬಿಕೆ ಹೋಗಿರುತ್ತಿತ್ತು. ಮೋಸ ಮಾಡಿದ್ದಲ್ಲ, ಆದರೂ ಮೋಸ ಹೋದ ಹಾಗೆ ಅನ್ನಿಸುತ್ತದೆ. ಸಂಖ್ಯೆ ಚಿಕ್ಕದು ಮಾಡಿ "ಕೈಗೆ" ಅಂತ ಹಾಕಿದ ಮೇಲೆ ಬಂದವರ ಜೊತೆ ಸಂಬಳದ ಚೌಕಾಸಿ ಹೆಚ್ಚುಕಡಿಮೆ ನಿಂತೇಹೋಯಿತು. ಇಎಸ್‌ಐ ಬಗ್ಗೆ ಮಾತ್ರ ಕೇಳುತ್ತಾರೆ. ಅದರ ಮಿತಿ ತಿಂಗಳಿಗೆ 21,000, ಇವರು ಅದನ್ನು ದಾಟುತ್ತಾರೆ. ಅದಕ್ಕೆ ಗುಂಪು ವಿಮೆ ಮಾಡಿಸಿದೆವು, ಫೋನಿನಲ್ಲಿ ಮೊದಲೇ ಹೇಳಿಬಿಡುತ್ತೇನೆ.

"ಓಟಿಗೆ ಡಬಲ್" ಅನ್ನುವುದು ಉಪಕಾರವಲ್ಲ, 1948ರ ಕಾರ್ಖಾನೆ ಕಾಯ್ದೆ ಕಾಲದಿಂದ ಇರುವುದೇ. ಆದರೆ ಸಿಂಗಲ್ ಕೊಡುವ ಜಾಗಗಳನ್ನೇ ನೋಡಿ ಬಂದವರಿಗೆ ಈ ಎರಡು ಪದ ದೊಡ್ಡದು. "ದುಡ್ಡು ಕೊಡಬೇಡಿ" ಅನ್ನುವ ಸಾಲು ಹಾಕಿದ್ದು ಒಬ್ಬ ಹುಡುಗ ಫೋನ್ ಮಾಡಿ "ರಿಜಿಸ್ಟ್ರೇಶನ್ ಎಷ್ಟು ಸಾರ್?" ಅಂತ ಕೇಳಿದ ಮೇಲೆ. ಕೆಲಸದ ಜಾಹೀರಾತು ಅಂದರೆ ಮೊದಲು ದುಡ್ಡು ಕೇಳುತ್ತಾರೆ ಅನ್ನುವಷ್ಟು ಕೆಟ್ಟಿದೆ ಕಾಲ. "ಗಂಡಸರು ಮಾತ್ರ" ಅಂತ ಮೊದಲಿನ ಪಾಂಪ್ಲೆಟ್‌ನಲ್ಲಿ ಪ್ರಿಂಟಿನವರು ತಾವಾಗೇ ಸೇರಿಸಿದ್ದರು, ಅದನ್ನೂ ತೆಗೆದೆ. ಹಾಗೆ ಹಾಕುವಂತಿಲ್ಲ, ಹಾಕುವ ಅಗತ್ಯವೂ ಇಲ್ಲ.

ಈಗ ಪ್ರಶ್ನೆಯ ಸಾಲು. ಇದೇ ನನ್ನ ಹೆಮ್ಮೆ. 7018 ರಾಡಿನ ಲೇಪಕ್ಕೆ ತೇವ ಹಿಡಿದರೆ ಬ್ಲೋ ಹೋಲ್ ಬೀಳುತ್ತದೆ, ಆಮೇಲೆ ಜಾಯಿಂಟ್ ಬಿರುಕು ಬಿಡುತ್ತದೆ. ಅದಕ್ಕೆ ಮೊದಲು ಓವನ್‌ನಲ್ಲಿ ಇಟ್ಟು ಬಿಸಿ ಮಾಡಿ ತೆಗೆಯಬೇಕು. ಅದನ್ನು ನಿಜವಾಗಿ ಹೊಡೆದವನಿಗೆ ಇದು ಹಲ್ಲುಜ್ಜಿದಷ್ಟು ಸಹಜ. 6013ರಲ್ಲಿ ಗ್ರಿಲ್ ಹೊಡೆದವನಿಗೆ ಗೊತ್ತಿರುವುದಿಲ್ಲ, ಏಕೆಂದರೆ ಆ ರಾಡನ್ನು ಪ್ಯಾಕೆಟ್ ಹರಿದು ಹಾಗೇ ಹೊಡೆಯುತ್ತಾರೆ. ಗೂಗಲ್ ನೋಡಿ ಹೇಳಬಹುದಲ್ಲ ಅಂತ ಯಜಮಾನರು ಕೇಳಿದರು. ಅದಕ್ಕೇ ವಾಯ್ಸ್ ಕೇಳಿದ್ದು. ನೋಡಿ ಓದುವವನು "350 ಡಿಗ್ರಿ, ಎರಡು ಗಂಟೆ" ಅಂತ ಪಾಠ ಒಪ್ಪಿಸುತ್ತಾನೆ. ಕೆಲಸ ಗೊತ್ತಿರುವವನ ದನಿಯೇ ಬೇರೆ: "ಓವನ್‌ಗೆ ಹಾಕ್ತೀವಿ ಸಾರ್, ಆಮೇಲೆ ಡಬ್ಬಿಲಿ ಇಟ್ಕೊಂಡು ಒಂದೊಂದೇ ತೆಗೀತೀವಿ, ನಿಮ್ಮಲ್ಲಿ ಓವನ್ ಇದ್ಯಾ?" ನಮಗೇ ತಿರುಗಿ ಪ್ರಶ್ನೆ ಹಾಕಿದವರಲ್ಲಿ ಟೆಸ್ಟ್ ಫೇಲಾದವರು ನನಗೆ ನೆನಪಿರುವ ಹಾಗೆ ಒಬ್ಬರೇ.

ವಾಯ್ಸ್‌ನಿಂದ ಇನ್ನೊಂದು ಲಾಭ. ಒಳ್ಳೇ ವೆಲ್ಡರ್‌ಗಳಲ್ಲಿ ಬಹಳ ಜನಕ್ಕೆ ಟೈಪ್ ಮಾಡುವುದು, ರೆಸ್ಯೂಮೆ ಕಳಿಸುವುದು ಅಂದರೆ ಆಗದು. ಹತ್ತು ವರ್ಷದ ಕೈಕೆಲಸ ಇರುವವನು ರೆಸ್ಯೂಮೆ ಇಲ್ಲ ಅಂತ ಹಿಂದೆ ಸರಿಯುತ್ತಾನೆ. ಮಾತಾಡು ಅಂದರೆ ಮಾತಾಡುತ್ತಾನೆ. ಆಮೇಲೆ ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ನನಗೇ ಉಪಯೋಗಕ್ಕೆ ಬರುವುದಿಲ್ಲ. ಚಿತ್ರದಲ್ಲಿ ಏನು ಹಾಕಿದ್ದೆ ಅನ್ನುವುದೂ ನನ್ನಲ್ಲೇ ಇರಲಿ. ಹೆಲ್ಮೆಟ್ ಹಾಕಿ ನಗುವ ಮಾಡೆಲ್ ಚಿತ್ರ ಅಲ್ಲ ಅಂತ ಮಾತ್ರ ಹೇಳುತ್ತೇನೆ.

ಪ್ರಶ್ನೆ ಹಾಕಿದ ಮೊದಲ ವಾರವೇ ಒಂದು ಅರ್ಜಿಯ ಖರ್ಚು ಹತ್ತು ಪಟ್ಟು ಏರಿತು. ಯಜಮಾನರು ಕೇಳಿದ್ದು ಆಗಲೇ. ಒಂದು ವಾರಕ್ಕೆ ಎಂಟೋ ಒಂಬತ್ತೋ ವಾಯ್ಸ್, ಅಷ್ಟೇ. ನಮ್ಮ ಅಕೌಂಟೆಂಟ್ ಕೂಡ "ಇದನ್ನ ಇಲ್ಲಿಗೇ ನಿಲ್ಸಿ ಸಾರ್" ಅಂದರು. ನಾನು ನಾಲ್ಕು ವಾರ ಕೊಡಿ ಅಂತ ಹಟ ಹಿಡಿದೆ. ಪ್ರಶ್ನೆ ಇದ್ದಾಗ ಗೊತ್ತಿಲ್ಲದವನು ಒತ್ತುವುದೇ ಇಲ್ಲ, ಹಾಗಾಗಿ ಒತ್ತುವವರು ಕಡಿಮೆ, ತಲಾ ಖರ್ಚು ಜಾಸ್ತಿ. ಅದು ಆಗಲೇಬೇಕು. ಆಗದಿದ್ದರೆ ಪ್ರಶ್ನೆ ಕೆಲಸ ಮಾಡುತ್ತಿಲ್ಲ ಅಂತ ಅರ್ಥ.

ಲೆಕ್ಕ ಇಡುವುದಕ್ಕೆ ದೊಡ್ಡ ಸಾಫ್ಟ್‌ವೇರ್ ಏನೂ ಬೇಕಿಲ್ಲ. ಒಂದೊಂದು ಜಾಹೀರಾತಿಗೆ ಒಂದೊಂದು ಗುರುತು ಕೊಟ್ಟೆ, ವಾಟ್ಸಾಪ್ ತೆರೆದಾಗ ಅದೇ ಮೆಸೇಜ್ ಆಗಿ ಕೂತಿರುತ್ತದೆ. ಪೋಸ್ಟರ್‌ನ ಕ್ಯೂಆರ್‌ಗೂ ಇದೇ ತರ ಲಿಂಕ್:

```
https://wa.me/91XXXXXXXXXX?text=W3
```

ಬಂದವರನ್ನು ಶೀಟಿಗೆ ಕೈಯಲ್ಲೇ ಹಾಕುತ್ತೇನೆ. C ಕಾಲಂನಲ್ಲಿ ಗುರುತು, F ಕಾಲಂನಲ್ಲಿ ಗೇಟಿಗೆ ಬಂದನೋ ಇಲ್ಲವೋ. ಕೊನೆಗೆ ಇಷ್ಟೇ:

```
=COUNTIFS(C:C,"W3",F:F,"Yes")
```

ಕೆಲವರು ಆ W3 ಅನ್ನುವುದನ್ನು ಅಳಿಸಿ "ಹಾಯ್" ಅಂತ ಕಳಿಸುತ್ತಾರೆ. ಕೆಲವರು ಗೆಳೆಯನಿಂದ ನಂಬರ್ ತೆಗೆದುಕೊಂಡು ನೇರ ಫೋನ್ ಮಾಡುತ್ತಾರೆ. ಹಾಗಾಗಿ "ಎಲ್ಲಿ ನೋಡಿದ್ರಿ? ಯಾರು ಹೇಳಿದ್ರು?" ಅಂತ ಎಲ್ಲರನ್ನೂ ಕೇಳಲೇಬೇಕು. ಲಗ್ಗೆರೆಯ ಒಬ್ಬ ಹುಡುಗ ಟೆಸ್ಟಿಗೆ ಬಂದು ಫೇಲಾದ, ಆದರೆ 500 ಮತ್ತು ಬಸ್ ಚಾರ್ಜ್ ಕೈಗೆ ಬಂದದ್ದನ್ನು ರೂಮಿನಲ್ಲಿ ಹೇಳಿದ್ದಾನೆ. ಮುಂದಿನ ಭಾನುವಾರ ಅದೇ ರೂಮಿನಿಂದ ಇಬ್ಬರು ಬಂದರು, ಇಬ್ಬರೂ ಪಾಸ್. ಕೇಳದಿದ್ದರೆ ಅವರಿಬ್ಬರು ಎಲ್ಲಿಂದ ಬಂದರು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಫೇಲಾದವನ ಮುಂದೆ W3 ಅಂತ ಇತ್ತು, ಇವರಿಬ್ಬರಿಗೂ ಅದನ್ನೇ ಹಾಕಿದೆ.

ಟೆಸ್ಟ್ ಭಾನುವಾರ ಬೆಳಿಗ್ಗೆ 10ಕ್ಕೆ. ಊರಿಗೆ ಬಂದವರು ಸಂಜೆ ವಾಪಸ್ ಹೋಗುವ ಮುಂಚೆ. ಇದಕ್ಕೆ ನಮ್ಮ ಸೂಪರ್‌ವೈಸರ್ ಗೊಣಗಿದರು, ಅವರಿಗೆ ಬದಲಿ ರಜ ಕೊಟ್ಟೆವು. ವಾರದ ದಿನ ಟೆಸ್ಟ್ ಇಟ್ಟಾಗ ಬರುತ್ತೇನೆ ಅಂದ ಹತ್ತು ಜನರಲ್ಲಿ ಇಬ್ಬರು ಬರುತ್ತಿದ್ದರು. ಭಾನುವಾರ ಅಂದ ಮೇಲೆ ಆರು.

ಅರಕಲಗೂಡು ಕಡೆಯ ಒಬ್ಬರ ಟೆಸ್ಟ್ ನಾನು ಪಕ್ಕದಲ್ಲೇ ನಿಂತು ನೋಡಿದೆ. ಅವರ ಅರ್ಜಿ ಅಂದರೆ 14 ಸೆಕೆಂಡಿನ ವಾಯ್ಸ್, ಅಷ್ಟೇ. ಹತ್ತು ಎಂಎಂ ಪ್ಲೇಟ್ ಎರಡು ಕೊಟ್ಟೆವು. ಮೊದಲು ಅಂಚಿಗೆ ಬೆರಳು ಸವರಿ ನೋಡಿದರು, ಗ್ರೈಂಡರ್ ಕೇಳಿದರು. ಆಮೇಲೆ ಒಂದು ರಾಡ್ ತೆಗೆದುಕೊಂಡು ಅದರ ಲೇಪವನ್ನೆಲ್ಲ ಕುಟ್ಟಿ ಉದುರಿಸಿ, ಆ ಬರೀ ಕಂಬಿಯನ್ನು ಎರಡು ಪ್ಲೇಟಿನ ನಡುವೆ ಇಟ್ಟು ಸಂದು ಸರಿ ಮಾಡಿ ಟ್ಯಾಕ್ ಹಾಕಿದರು. ಯಾರೂ ಅಳತೆ ಕೊಟ್ಟಿರಲಿಲ್ಲ. ನಮ್ಮ ಸೂಪರ್‌ವೈಸರ್ ನನ್ನ ಕಡೆ ನೋಡಿ ತಲೆ ಆಡಿಸಿದರು. ಇನ್ನೂ ಆರ್ಕೇ ಶುರುವಾಗಿರಲಿಲ್ಲ. ಆ 14 ಸೆಕೆಂಡಿಗೆ ನಾನು 300 ರೂಪಾಯಿ ಕೊಟ್ಟಿದ್ದೆ. ಇನ್ನೂ ಮೂರು ಸಾವಿರ ಆಗಿದ್ದರೂ ಕೊಡುತ್ತಿದ್ದೆ.

ಒಟ್ಟು ಲೆಕ್ಕ, ನೆನಪಿರುವ ಹಾಗೆ. ಜನವರಿ, ಫೆಬ್ರವರಿಯಲ್ಲಿ ಜಾಹೀರಾತಿಗೆ 19,000, ಜಿಎಸ್‌ಟಿ 18% ಸೇರಿ. ಅದನ್ನು ಮರೆತು ಲೆಕ್ಕ ಹಾಕಿದರೆ ಕೊನೆಗೆ ತಾಳೆ ಆಗುವುದಿಲ್ಲ. ವಾಯ್ಸ್ ಮತ್ತು ಮೆಸೇಜ್ ಸೇರಿ 64. ಗೇಟಿಗೆ ಬಂದವರು 23. ಪಾಸಾದವರು 9, ಸೇರಿದವರು 8, ಮೂರು ತಿಂಗಳು ದಾಟಿದವರು 7. ಬಿಟ್ಟು ಹೋದ ಒಬ್ಬನಿಗೆ ಹಳೇ ಕಂಪನಿಯವರು ಸಂಬಳ ಏರಿಸಿ ಕರೆದರು. ಟೆಸ್ಟಿಗೆ ಬಂದವರಿಗೆ ಕೊಟ್ಟ 500, ಬಸ್ ಚಾರ್ಜ್ ಎಲ್ಲಾ ಸೇರಿ 14,000ದ ಆಸುಪಾಸು. ಅಂದರೆ ಉಳಿದ ಒಬ್ಬೊಬ್ಬರಿಗೆ 4,700ರ ಹತ್ತಿರ. ಫಾರ್ಮ್‌ನ 12,000ಕ್ಕೆ ಉಳಿದವರು ಸೊನ್ನೆ. ಏಜೆನ್ಸಿಗೆ ಅರ್ಧ ತಿಂಗಳ ಸಂಬಳ ಅಂದರೆ ಏನಿಲ್ಲ ಅಂದರೂ ತಲೆಗೆ 11,000 ಆಗುತ್ತಿತ್ತು. 500 ರೂಪಾಯಿಗಾಗಿಯೇ ಬಂದವರು ಮೂವರು ಇರಬಹುದು, ರಾಡ್ ಹಿಡಿದ ರೀತಿಯಲ್ಲೇ ಗೊತ್ತಾಯಿತು. ಅವರಿಗೂ ಕೊಟ್ಟೆ. ಒಬ್ಬರಿಗೆ ಕೊಡಲಿಲ್ಲ ಅಂದರೆ ಆ ಸುದ್ದಿ ಲಗ್ಗೆರೆಗೆ ರಾತ್ರಿಯೊಳಗೆ ತಲುಪುತ್ತದೆ.

ನಡುವೆ ಎರಡು ಸಣ್ಣ ಪ್ರಯೋಗ ಮಾಡಿದೆ. ಒಂದು, ಹಾಸನದಲ್ಲಿ ಗ್ಯಾಸ್ ಸಿಲಿಂಡರ್ ತುಂಬಿಸುವ, ವೆಲ್ಡಿಂಗ್ ರಾಡ್ ಮಾರುವ ಅಂಗಡಿಗಳ ಗೋಡೆಗೆ ಪೋಸ್ಟರ್ ಅಂಟಿಸಿದ್ದು. ವೆಲ್ಡರ್ ಪೇಪರ್ ಓದದೇ ಇರಬಹುದು, ರಾಡ್ ತರದೇ ಇರಲು ಆಗುತ್ತಾ? ಅದಕ್ಕೆ ಬೇರೆ ಗುರುತು, P1. ಪ್ರಿಂಟಿಗೆ 400 ರೂಪಾಯಿ, ಅಂಗಡಿಯವರಿಗೆ ಟೀ. ಐದು ಜನ ಮೆಸೇಜ್ ಮಾಡಿದರು, ಮೂವರು ಬಂದರು, ಒಬ್ಬರು ಸೇರಿದರು, ಇದ್ದಾರೆ. ಎಂಟನೆಯವರು ಅವರೇ. ಖರ್ಚಿನ ಲೆಕ್ಕದಲ್ಲಿ ಇದನ್ನು ಮೀರಿಸಿದ್ದು ಯಾವುದೂ ಇಲ್ಲ, ಆದರೆ ಎರಡನೇ ತಿಂಗಳು ಒಂದೇ ಒಂದು ಮೆಸೇಜೂ ಬರಲಿಲ್ಲ. ಆ ಅಂಗಡಿಗೆ ಬರುವವರು ಅವರೇ ಇವರೇ, ಎಲ್ಲರೂ ಒಮ್ಮೆ ನೋಡಿ ಆಗಿತ್ತು.

ಇನ್ನೊಂದು ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆ. ಅಲ್ಲಿ ಪಲ್ಪರ್ ರಿಪೇರಿ, ಶೆಡ್ ಕೆಲಸ ಮಾಡುವ ಒಳ್ಳೇ ಕೈಗಳಿವೆ. ಆದರೆ ಕಾಫಿ ಕೊಯ್ಲಿನ ಹೊತ್ತಲ್ಲಿ ಹಾಕಿದೆ. ಅರೇಬಿಕಾ ಮುಗಿಯುವಷ್ಟರಲ್ಲಿ ರೋಬಸ್ಟಾ ಶುರು, ಮಾರ್ಚ್ ತನಕ ಅವರಿಗೆ ತೋಟದವರ ಫೋನೇ ನಿಲ್ಲುವುದಿಲ್ಲ. 2,000 ಹೋಯಿತು, ಬಂದದ್ದು ಎರಡು ವಾಯ್ಸ್. ಒಬ್ಬರಂತೂ "ಯುಗಾದಿ ಕಳೀಲಿ ಸಾರ್, ಆಮೇಲೆ ನೋಡೋಣ" ಅಂದರು. ಯುಗಾದಿ ಕಳೆದ ಮೇಲೆ ಮತ್ತೆ 1,500 ಹಾಕಿ ನೋಡಿದೆ. ಆಗ ಏಳು ವಾಯ್ಸ್ ಬಂದವು. ನಮಗೆ ಅಷ್ಟರಲ್ಲಿ ಜನ ತುಂಬಿತ್ತು, ಹೆಸರು ಬರೆದಿಟ್ಟುಕೊಂಡಿದ್ದೇನೆ.

ಈಗ ಇಬ್ಬರು ಫಿಟ್ಟರ್ ಬೇಕಾಗಿದ್ದಾರೆ. ಅದೇ ಪಿನ್, ಅದೇ ಗಂಟೆ, ಅದೇ 500 ರೂಪಾಯಿ. ಪ್ರಶ್ನೆ ಮಾತ್ರ ಸಿಗುತ್ತಿಲ್ಲ. ಡ್ರಾಯಿಂಗ್‌ನ ಒಂದು ಮೂಲೆ ಫೋಟೋ ತೆಗೆದು "ಈ ಗುರುತು ಏನು?" ಅಂತ ಹಾಕಿದ್ದೆ, ಐಟಿಐ ಮುಗಿಸಿದ ಹುಡುಗರೆಲ್ಲ ಸರಿಯಾಗಿ ಹೇಳಿದರು. ಪುಸ್ತಕದಲ್ಲಿ ಇರುವ ಪ್ರಶ್ನೆ ಅದು. ಹತ್ತು ವರ್ಷ ಕೆಲಸ ಮಾಡಿದ ಫಿಟ್ಟರ್‌ಗೆ ಗೊತ್ತಿದ್ದು ಎರಡು ವರ್ಷ ಓದಿದವನಿಗೆ ಗೊತ್ತಿರದ ಪ್ರಶ್ನೆ ಬೇಕು. ಹಳೇ ವೆಲ್ಡರ್ ಅಣ್ಣನ ಹತ್ತಿರ ಮತ್ತೆ ಟೀಗೆ ಕೂರಬೇಕು, ಈ ಸಲ ಜೊತೆಗೆ ನಮ್ಮ ಫಿಟ್ಟರ್ ಒಬ್ಬರನ್ನೂ ಕರೆದುಕೊಂಡು.